ದಿನಕ್ಕೆ 15 ಗಿರಾಕಿ: ಹೊಸ ಪಾರ್ಲರಿನ ಆದಾಯದ ನಿಜವಾದ ಲೆಕ್ಕ

ದಿನಕ್ಕೆ 15 ಜನ ಬರುತ್ತಾರೆ, ಒಬ್ಬೊಬ್ಬರ ಬಿಲ್ಲು ಸರಾಸರಿ 460 ರೂಪಾಯಿ, ತಿಂಗಳಿಗೆ 30 ದಿನ. ಗುಣಿಸಿದರೆ 2,07,000 ರೂಪಾಯಿ. ಬ್ಯೂಟಿ ಪಾರ್ಲರ್ ತೆರೆಯಲು ಬ್ಯಾಂಕಿಗೆ ಹೋಗುವವರ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಇಂಥದ್ದೊಂದು ಸಾಲು ಇದ್ದೇ ಇರುತ್ತದೆ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಗುಣಿಸಿದ ಮೂರು ಸಂಖ್ಯೆಗಳಲ್ಲಿ ಒಂದೂ ಅಂಗಡಿಯಿಂದ ಬಂದದ್ದಲ್ಲ. ಮೊದಲನೆಯದು ಆಸೆಯಿಂದ ಬಂತು, ಎರಡನೆಯದು ಗೋಡೆಗೆ ಹಾಕುವ ದರಪಟ್ಟಿಯಿಂದ, ಮೂರನೆಯದು ಕ್ಯಾಲೆಂಡರಿನಿಂದ.

ಪ್ರಧಾನಮಂತ್ರಿ ಮುದ್ರಾ ಯೋಜನೆ 2015ರಲ್ಲಿ ಬಂದ ಮೇಲೆ ಸಣ್ಣ ಅಂಗಡಿಗೆ ಸಾಲ ಕೇಳುವುದು ಸುಲಭವಾಗಿದೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ, ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ನಡೆಯುತ್ತಿರುವ ತರಬೇತಿ ಕೇಂದ್ರಗಳು ಹೆಣ್ಣುಮಕ್ಕಳಿಗೆ ಪಾರ್ಲರ್ ಕೆಲಸ ಕಲಿಸುತ್ತಿವೆ. ಕೆಲಸ ಬರುತ್ತದೆ, ಸಾಲ ಸಿಗುತ್ತದೆ, ಅಂಗಡಿಯೂ ತೆರೆಯುತ್ತದೆ. ಆದರೆ ಸಾಲದ ಕಂತು ನಿಗದಿಯಾಗುವುದು ಆ 2,07,000ದ ಮೇಲೆ. ಅಂಗಡಿ ಮುಚ್ಚಿದಾಗ ಊರವರು ಅವಳ ಕೈಗುಣ ಸರಿಯಿಲ್ಲ ಅನ್ನುತ್ತಾರೆ. ಬಹಳ ಸಲ ಕೈಗುಣದಲ್ಲಿ ಏನೂ ಕೊರತೆ ಇರುವುದಿಲ್ಲ, ಮೊದಲ ದಿನ ಬರೆದ ಲೆಕ್ಕದಲ್ಲಿ ಇರುತ್ತದೆ. ಆದ್ದರಿಂದ ಈ ಲೆಕ್ಕವನ್ನು ಒಂದು ಉದಾಹರಣೆ ಇಟ್ಟುಕೊಂಡು ಮೊದಲಿನಿಂದ ಮಾಡಿ ನೋಡೋಣ.

ಹಾಸನದಂಥ ಊರಿನ ಹೊರಬಡಾವಣೆ ಅಂದುಕೊಳ್ಳಿ. ಮುಖ್ಯರಸ್ತೆಗೆ ಒಂದು ಅಡ್ಡರಸ್ತೆ ಒಳಗೆ ಎರಡು ಕುರ್ಚಿಯ, ಫೇಶಿಯಲ್ಲಿಗೆ ಒಂದು ಹಾಸಿಗೆ ಇರುವ ಲೇಡೀಸ್ ಪಾರ್ಲರ್. ಕೆಲಸಕ್ಕೆ ಒಡತಿ ಮತ್ತು ಒಬ್ಬ ಸಹಾಯಕಿ. ಮಂಗಳವಾರ ರಜೆ, ಆದ್ದರಿಂದ ತಿಂಗಳಿಗೆ ಕೆಲಸದ ದಿನ 26. ಮುಂದೆ ಬರುವ ದರಗಳೂ ಸಂಖ್ಯೆಗಳೂ ಉದಾಹರಣೆಗೆ ಇಟ್ಟುಕೊಂಡವು. ನಿಮ್ಮ ಊರಿನವನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು.

ಮೊದಲು ಬಿಲ್ಲಿನ ವಿಷಯ. ದರಪಟ್ಟಿಯಲ್ಲಿ ಐದು ಬಗೆಯ ಕೆಲಸ ಇದೆ ಅಂತಿಟ್ಟುಕೊಳ್ಳಿ. ಐಬ್ರೋ ಮತ್ತು ಅಪ್ಪರ್ ಲಿಪ್ ಸೇರಿ 60 ರೂಪಾಯಿ, ಹೇರ್‌ಕಟ್ 250, ಕೈಕಾಲಿನ ವ್ಯಾಕ್ಸಿಂಗ್ 400, ಫೇಶಿಯಲ್ 700, ತಲೆಗೆ ಬಣ್ಣ ಅಥವಾ ಹೇರ್ ಸ್ಪಾ 900. ಐದನ್ನೂ ಕೂಡಿಸಿ ಐದರಿಂದ ಭಾಗಿಸಿದರೆ ಸುಮಾರು 460. ಮೇಲಿನ ಪ್ರಾಜೆಕ್ಟ್ ರಿಪೋರ್ಟಿನ ಸರಾಸರಿ ಬಂದದ್ದು ಹೀಗೆ. ಐದೂ ಕೆಲಸಕ್ಕೆ ಸಮಸಮ ಜನ ಬರುತ್ತಾರೆ ಎಂದು ಈ ಲೆಕ್ಕ ಹೇಳದೆಯೇ ಹೇಳಿಬಿಡುತ್ತದೆ.

ಬಡಾವಣೆಯ ಯಾವ ಪಾರ್ಲರಿನಲ್ಲೂ ಹಾಗಾಗುವುದಿಲ್ಲ. ಸಂಜೆ ಐದೂವರೆಗೆ ಬಾಗಿಲ ಪರದೆ ಸರಿಸಿ ಒಳಗೆ ಬರುವವಳು ಕೂರುವ ಮೊದಲೇ ಕೇಳುತ್ತಾಳೆ, "ಅಕ್ಕಾ, ಐಬ್ರೋ ಅಷ್ಟೇ, ಲೇಟಾಗುತ್ತಾ?" ಹತ್ತು ನಿಮಿಷದಲ್ಲಿ ಕೆಲಸ ಮುಗಿದು, ಕನ್ನಡಿಯಲ್ಲಿ ಎರಡೂ ಹುಬ್ಬು ನೋಡಿಕೊಂಡು, ಫೋನಿನಲ್ಲಿ 60 ರೂಪಾಯಿ ಹಾಕಿ ಹೊರಟುಹೋಗುತ್ತಾಳೆ. ಸಣ್ಣ ಪಾರ್ಲರಿನ ಅರ್ಧಕ್ಕೂ ಹೆಚ್ಚು ಬಿಲ್ಲು ಇವಳದೇ. 100 ಬಿಲ್ಲಿನಲ್ಲಿ 55 ಐಬ್ರೋ, 20 ಹೇರ್‌ಕಟ್, 12 ವ್ಯಾಕ್ಸಿಂಗ್, 8 ಫೇಶಿಯಲ್, 5 ಬಣ್ಣ ಅಥವಾ ಸ್ಪಾ ಎಂದು ಹಿಡಿಯೋಣ. ಐಬ್ರೋದಿಂದ 3,300, ಹೇರ್‌ಕಟ್ಟಿನಿಂದ 5,000, ವ್ಯಾಕ್ಸಿಂಗಿನಿಂದ 4,800, ಫೇಶಿಯಲ್ಲಿನಿಂದ 5,600, ಬಣ್ಣದಿಂದ 4,500. ಒಟ್ಟು 23,200. ಅಂದರೆ ಸರಾಸರಿ ಬಿಲ್ಲು 232 ರೂಪಾಯಿ, ದರಪಟ್ಟಿ ಹೇಳಿದ್ದರ ಅರ್ಧ.

ಸರಾಸರಿಯನ್ನು ಕೆಡಿಸುವ ಇನ್ನೊಂದು ಸಂಗತಿ ಮದುಮಗಳ ಮೇಕಪ್. ಆ 100 ಬಿಲ್ಲಿನ ಜೊತೆ 10,000 ರೂಪಾಯಿಯ ಒಂದೇ ಒಂದು ಬ್ರೈಡಲ್ ಆರ್ಡರ್ ಸೇರಿದರೆ ಸರಾಸರಿ ಇದ್ದಕ್ಕಿದ್ದಂತೆ 329ಕ್ಕೆ ಏರುತ್ತದೆ. ಆದರೆ ಉಳಿದ 100 ಜನರಲ್ಲಿ ಒಬ್ಬರೂ ಒಂದು ರೂಪಾಯಿ ಹೆಚ್ಚು ಕೊಟ್ಟಿಲ್ಲ. ಆ 329ನ್ನು ಮುಂದಿನ ತಿಂಗಳ 150 ಜನರಿಗೆ ಗುಣಿಸಿದರೆ ಬಾರದ ದುಡ್ಡನ್ನು ಬಂದಂತೆ ಬರೆದುಕೊಂಡಂತಾಗುತ್ತದೆ. ಮದುವೆ ಆರ್ಡರುಗಳನ್ನು ಬೇರೆ ಪುಟದಲ್ಲಿ ಬರೆಯಬೇಕು, ಬಾಡಿಗೆ, ಸಂಬಳ, ಕಂತು ಇವುಗಳ ಲೆಕ್ಕಕ್ಕೆ ಅವನ್ನು ಸೇರಿಸಲೇಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಬಂದಾಗ ಬರಲಿ. ಅದನ್ನು ನೆಚ್ಚಿಕೊಂಡು ಬಾಡಿಗೆ ಒಪ್ಪಿಕೊಳ್ಳುವುದು ಬೇಡ.

ಈಗ 15 ಜನ, 232 ರೂಪಾಯಿ, 26 ದಿನ ಎಂದು ಗುಣಿಸಿದರೆ ಸುಮಾರು 90,000. ಎರಡು ತಿದ್ದುಪಡಿಗೇ ಆದಾಯ ಅರ್ಧಕ್ಕಿಂತ ಕೆಳಗೆ ಬಂತು. ಇನ್ನು ಉಳಿದಿರುವುದು ಆ 15.

ಎಷ್ಟು ಜನ ಬರಬಹುದು ಎಂದು ತಿಳಿಯಲು ರಸ್ತೆಯಲ್ಲಿ ಓಡಾಡುವವರನ್ನು ಎಣಿಸುವವರಿದ್ದಾರೆ. ಚಹಾದಂಗಡಿಗೆ ಅದು ಸರಿ. ಪಾರ್ಲರಿಗೆ ಯಾರೂ ದಾರಿಯಲ್ಲಿ ಹೋಗುತ್ತಾ ಬೋರ್ಡು ನೋಡಿ ಒಳಗೆ ನುಗ್ಗುವುದಿಲ್ಲ. ತನ್ನ ಹುಬ್ಬು, ಕೂದಲು, ಚರ್ಮವನ್ನು ಹೊಸಬಳ ಕೈಗೆ ಕೊಡುವ ಮೊದಲು ಪಕ್ಕದ ಮನೆಯವಳನ್ನು ಕೇಳಿಯೇ ಕೇಳುತ್ತಾಳೆ. ಅದಕ್ಕಿಂತ ಉಪಯೋಗದ ಕೆಲಸ ಒಂದಿದೆ. ನೀವು ತೆರೆಯಲಿರುವ ಅಳತೆಯದೇ, ತೆರೆದು ಎರಡು ಮೂರು ವರ್ಷವಾದ ಪಾರ್ಲರ್ ಅದೇ ಸೀಮೆಯಲ್ಲಿ ಇದ್ದೇ ಇರುತ್ತದೆ. ಅದರ ಎದುರಿನ ಜೆರಾಕ್ಸ್ ಅಂಗಡಿಯಲ್ಲೋ ಬೇಕರಿಯಲ್ಲೋ ಕೂತು ಬಾಗಿಲು ಗಮನಿಸಿ. ಒಂದು ಬುಧವಾರ, ಒಂದು ಶನಿವಾರ, ಒಂದು ಭಾನುವಾರ. ಹಬ್ಬದ ವಾರ ಬೇಡ, ತಿಂಗಳ ಮೊದಲ ವಾರವೂ ಬೇಡ, ಸಂಬಳ ಬಂದ ಹೊಸತಿನ ಗುಂಪು ಆಗ ಸೇರಿರುತ್ತದೆ. ಒಳಗೆ ಹೋದವರನ್ನು ಎಣಿಸಿದರೆ ಸಾಲದು, ಎಷ್ಟು ಹೊತ್ತಿಗೆ ಹೊರಬಂದರು ಎಂದೂ ಬರೆದುಕೊಳ್ಳಿ. ಕಾಲು ಗಂಟೆಯೊಳಗೆ ಬಂದವರು ಐಬ್ರೋದವರು. ಅರ್ಧ ಮುಕ್ಕಾಲು ಗಂಟೆಯವರು ಹೇರ್‌ಕಟ್ ಇಲ್ಲವೇ ವ್ಯಾಕ್ಸಿಂಗಿನವರು. ಒಂದು ಗಂಟೆ ದಾಟಿದವರು ಫೇಶಿಯಲ್ಲಿನವರು ಇಲ್ಲವೇ ಬಣ್ಣದವರು. ಸರದಿಗೆ ಕಾದವರ ಹೊತ್ತು ಸೇರಿ ಸ್ವಲ್ಪ ಏರುಪೇರಾಗಬಹುದು, ಆದರೂ ಯಾರ ಗಲ್ಲಾಪೆಟ್ಟಿಗೆಯನ್ನೂ ನೋಡದೆ ಜನರ ಸಂಖ್ಯೆಯೂ ಬಿಲ್ಲಿನ ಬಗೆಯೂ ಒಟ್ಟಿಗೆ ಅಂದಾಜಿಗೆ ಸಿಗುತ್ತವೆ.

ಆದರೆ ಆ ಸಂಖ್ಯೆ ಮೂರು ವರ್ಷ ಹಳೆಯ ಅಂಗಡಿಯದು. ಹೊಸ ಅಂಗಡಿ ಮೊದಲ ತಿಂಗಳೇ ಅಲ್ಲಿಗೆ ಮುಟ್ಟುವುದಿಲ್ಲ. ಯಾಕೆಂದರೆ ಹಳೆಯ ಅಂಗಡಿಯೊಳಗೆ ಹೋದವರಲ್ಲಿ ಹೆಚ್ಚಿನವರು ಐದನೆಯ ಸಲವೋ ಹದಿನೈದನೆಯ ಸಲವೋ ಬಂದವರು. ಪಾರ್ಲರಿನ ಆದಾಯ ನಿಂತಿರುವುದು ಇವರ ಮೇಲೆ. ಐಬ್ರೋ ಮಾಡಿಸಿಕೊಂಡವಳಿಗೆ ಮೂರು ನಾಲ್ಕು ವಾರಕ್ಕೆ ಕೂದಲು ಬೆಳೆದು ಆಕಾರ ಕೆಡುತ್ತದೆ. ವ್ಯಾಕ್ಸಿಂಗಿನದು ನಾಲ್ಕೈದು ವಾರ. ಬೆಳ್ಳಗಾದ ಕೂದಲಿಗೆ ಬಣ್ಣ ಹಚ್ಚಿಸಿಕೊಂಡರೆ ತಿಂಗಳು ಒಂದೂವರೆ ತಿಂಗಳಿಗೆ ಬುಡದಲ್ಲಿ ಬಿಳಿ ಕಾಣುತ್ತದೆ. ಹೇರ್‌ಕಟ್ಟಿಗೆ ಮಾತ್ರ ಎರಡು ಮೂರು ತಿಂಗಳು ತಡೆಯಬಹುದು. ಎಲ್ಲವನ್ನೂ ಸೇರಿಸಿ ನೋಡಿದರೆ ಖಾಯಂ ಗಿರಾಕಿಯೊಬ್ಬಳು ಐದೂವರೆ ವಾರಕ್ಕೊಮ್ಮೆ ಬರುತ್ತಾಳೆ ಎಂದು ಹಿಡಿಯಬಹುದು. ತಿಂಗಳ ಲೆಕ್ಕದಲ್ಲಿ 0.8 ಭೇಟಿ, ಅಂದರೆ 100 ಖಾಯಂ ಗಿರಾಕಿಗಳಿದ್ದರೆ ತಿಂಗಳಿಗೆ 80 ಬಿಲ್ಲು.

ಈಗ ನಮ್ಮ ಪಾರ್ಲರ್ ತೆರೆಯೋಣ. ಮೊದಲ ತಿಂಗಳು ನೆಂಟರು, ಗೆಳತಿಯರು, ಕುತೂಹಲದವರು, ಆರಂಭದ ರಿಯಾಯಿತಿಗೆ ಬಂದವರು ಸೇರಿ 120 ಹೊಸಬರು. ಎರಡನೆಯ ತಿಂಗಳು 80, ಮೂರನೆಯದಕ್ಕೆ 70, ಆಮೇಲೆ ತಿಂಗಳಿಗೆ 60. ಬಂದ ಹೊಸಬರಲ್ಲಿ 100ಕ್ಕೆ 40 ಮಂದಿ ಮುಂದಿನ ತಿಂಗಳಿಂದ ಖಾಯಂ ಆಗುತ್ತಾರೆ. ಖಾಯಂ ಆದವರಲ್ಲೂ ಪ್ರತಿ ತಿಂಗಳು 100ಕ್ಕೆ ಐದು ಮಂದಿ ಬಿಟ್ಟುಹೋಗುತ್ತಾರೆ. ಗಂಡನಿಗೆ ವರ್ಗವಾಯಿತು, ಕಾಲೇಜು ಮುಗಿಯಿತು, ಬಾಡಿಗೆ ಮನೆ ಬದಲಾಯಿತು, ಬೇರೆ ಪಾರ್ಲರ್ ಹಿಡಿಸಿತು. ಮೊದಲ ಸಲ ಬಂದವಳು ಸಾಮಾನ್ಯವಾಗಿ ಐಬ್ರೋ ಮಾಡಿಸಿ ಕೈ ಪರೀಕ್ಷೆ ಮಾಡುತ್ತಾಳೆ, ಆದ್ದರಿಂದ ಹೊಸಬರ ಬಿಲ್ಲು ಸರಾಸರಿ 150. ನಂಬಿಕೆ ಹುಟ್ಟಿದ ಮೇಲೆ ಫೇಶಿಯಲ್, ಬಣ್ಣ ಎಲ್ಲ ಬರುತ್ತದೆ, ಆದ್ದರಿಂದ ಖಾಯಂ ಗಿರಾಕಿಯ ಬಿಲ್ಲು ಸರಾಸರಿ 260.

ಮೊದಲ ತಿಂಗಳು 120 ಬಿಲ್ಲು, 18,000 ರೂಪಾಯಿ. ಎರಡನೆಯ ತಿಂಗಳು 80 ಹೊಸಬರು, ಮೊದಲ ತಿಂಗಳ 120ರಲ್ಲಿ ಉಳಿದ 48 ಖಾಯಂ ಗಿರಾಕಿಗಳಿಂದ 38 ಭೇಟಿ, ಒಟ್ಟು 118 ಬಿಲ್ಲು. ಜನ ಎರಡು ಕಡಿಮೆಯಾದರೂ ಆದಾಯ ಸುಮಾರು 21,900. ಈ ಎರಡನೆಯ ತಿಂಗಳಲ್ಲೇ ಹೊಸ ಒಡತಿಗೆ ಎದೆ ಒಡೆಯುವುದು. ತೆರೆದಾಗಿನ ಗದ್ದಲ ಇಳಿದಿರುತ್ತದೆ, ಮಧ್ಯಾಹ್ನ ಪೂರ್ತಿ ಕುರ್ಚಿ ಖಾಲಿ ಇರುತ್ತದೆ. ಆದರೆ ಸಂಖ್ಯೆಗಳು ಬೇರೆಯೇ ಹೇಳುತ್ತಿವೆ. ಮೂರನೆಯ ತಿಂಗಳು 26,600. ಆರನೆಯ ತಿಂಗಳಿಗೆ ಖಾಯಂ ಗಿರಾಕಿಗಳು 139 ಆಗಿ, ಅವರಿಂದ 111 ಭೇಟಿ, ಹೊಸಬರು 60, ಆದಾಯ ಸುಮಾರು 37,900. ಹನ್ನೆರಡನೆಯ ತಿಂಗಳಿಗೆ ಖಾಯಂ 229, ಒಟ್ಟು ಬಿಲ್ಲು 243, ಆದಾಯ ಸುಮಾರು 56,600.

ಆರನೆಯ ತಿಂಗಳ 171 ಬಿಲ್ಲನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ ಆರೇಳು ಜನ. ವರ್ಷದ ಕೊನೆಗೂ ಒಂಬತ್ತೇ. ಆ 15 ಎಲ್ಲೂ ಕಾಣುತ್ತಿಲ್ಲ.

ಮರುಭೇಟಿಯ ಆ 100ಕ್ಕೆ 40ನ್ನು ತಿಳಿಯುವುದು ಹೇಗೆ? ತಪ್ಪು ಜಾಸ್ತಿ ಆಗುವುದೇ ಇಲ್ಲಿ. ವರ್ಷ ತುಂಬಿದ ಅಂಗಡಿಯ ಒಡತಿಯನ್ನು ಕೇಳಿದರೆ, "ನಮ್ಮಲ್ಲಿ ಬರೋರೆಲ್ಲ ಹಳಬರೇ, ನಾಲ್ಕರಲ್ಲಿ ಮೂರು ಜನ ಪರಿಚಯದವರೇ" ಎಂದು ಖುಷಿಯಿಂದ ಹೇಳುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ. ನಮ್ಮ ಉದಾಹರಣೆಯಲ್ಲೇ ಹನ್ನೆರಡನೆಯ ತಿಂಗಳ 243 ಬಿಲ್ಲಿನಲ್ಲಿ 183 ಹಳಬರದು, ಸರಿಯಾಗಿ ನಾಲ್ಕರಲ್ಲಿ ಮೂರು. ಆದರೆ ಅದೇ ಅಂಗಡಿಗೆ ಮೊದಲ ಸಲ ಬಂದ ಪ್ರತಿ ಹತ್ತರಲ್ಲಿ ಆರು ಮಂದಿ ಮತ್ತೆ ಬಾಗಿಲಿಗೆ ಬಂದೇ ಇಲ್ಲ. ಇವತ್ತು ಕುರ್ಚಿಯಲ್ಲಿ ಕೂತವರಲ್ಲಿ ಹಳಬರೆಷ್ಟು ಎಂದು ಎಣಿಸಿದರೆ ಬಿಟ್ಟುಹೋದವರು ಲೆಕ್ಕಕ್ಕೆ ಸಿಗುವುದೇ ಇಲ್ಲ, ಅವರು ಅಲ್ಲಿ ಇರುವುದಿಲ್ಲವಲ್ಲ. ಅಂಗಡಿ ಹಳೆಯದಾದಷ್ಟೂ ಈ ಪ್ರಮಾಣ ತಾನಾಗಿ ಏರುತ್ತದೆ, ಕೆಲಸ ಚೆನ್ನಾಗಿದ್ದರೂ ಇರದಿದ್ದರೂ.

ಸರಿಯಾದ ಪ್ರಶ್ನೆ ಹಿಂದಿನಿಂದ ಕೇಳಬೇಕಾದ್ದು. ಮೊದಲ ತಿಂಗಳು ಮೊದಲ ಸಲ ಬಂದ 120 ಜನರ ಹೆಸರು ತೆಗೆದುಕೊಳ್ಳಿ. ಅವರಲ್ಲಿ 60 ದಿನದೊಳಗೆ ಮತ್ತೆ ಬಂದವರು ಎಷ್ಟು? 48 ಬಂದಿದ್ದರೆ 40. 30 ಬಂದಿದ್ದರೆ 25. ಇದಕ್ಕೆ ಬೇಕಾದದ್ದು ಉದ್ದನೆಯ ಒಂದು ನೋಟ್‌ಬುಕ್ ಮತ್ತು ಪ್ರತಿ ಗಿರಾಕಿಗೆ ಒಂದು ಸಾಲು: ತಾರೀಖು, ಹೆಸರು, ಫೋನ್ ನಂಬರು, ಹೊಸಬರೋ ಹಳಬರೋ, ಏನು ಕೆಲಸ, ಎಷ್ಟು ಬಿಲ್ಲು, ಎಷ್ಟು ನಿಮಿಷ. ನಂಬರು ಕೊಡಲು ಕೆಲವರಿಗೆ ಮನಸ್ಸಿರುವುದಿಲ್ಲ, ಒತ್ತಾಯ ಬೇಡ, ಹೆಸರು ಮತ್ತು ಬೀದಿ ಸಾಕು. ನೆಂಟರ ಮುಂದೆ ಒಂದು ಗುರುತು ಹಾಕಿ, ರಿಯಾಯಿತಿಗೆ ಬಂದವರ ಮುಂದೆ ಇನ್ನೊಂದು. ನೆಂಟರು ದಾಕ್ಷಿಣ್ಯಕ್ಕೆ ಮತ್ತೆ ಬರುತ್ತಾರೆ, ಅರ್ಧ ದರಕ್ಕೆ ಬಂದವರು ಪೂರ್ತಿ ದರ ಕೇಳಿದಾಗ ಬಾರದೆ ಹೋಗಬಹುದು. ಈ ಎರಡನ್ನೂ ಕಳೆದು ಉಳಿದವರ ಮರುಭೇಟಿಯೇ ನಿಮ್ಮ ಕೈಗುಣದ ನಿಜವಾದ ಅಳತೆ. ಮೊದಲ ತಿಂಗಳ ಕೊನೆಗೆ ಬಂದವರಿಗೂ 60 ದಿನ ತುಂಬಬೇಕಾದ್ದರಿಂದ ಮೂರು ತಿಂಗಳಾಗುವ ಮೊದಲು ಈ ಸಂಖ್ಯೆ ಯಾರಿಗೂ ಸಿಗುವುದಿಲ್ಲ. ಅಲ್ಲಿಯವರೆಗೆ ಅಂದಾಜು ಹಾಕುವವರು 40ರ ಜೊತೆಗೆ 30ನ್ನೂ ಹಾಕಿ ನೋಡಬೇಕು.

ಇನ್ನು ಇದೇ ಏರಿಕೆ ಮುಂದುವರಿದು ಮುಂದೊಂದು ದಿನ ಆದಾಯ ಲಕ್ಷ ಮುಟ್ಟುತ್ತದೆಯೇ? ಕಾಗದದ ಮೇಲೆ ಮುಟ್ಟಬಹುದು. ತಿಂಗಳಿಗೆ 60 ಹೊಸಬರು ಬರುತ್ತಲೇ ಇದ್ದರೆ, ಅವರಲ್ಲಿ 24 ಮಂದಿ ಉಳಿಯುತ್ತಲೇ ಇದ್ದರೆ, ಖಾಯಂ ಗಿರಾಕಿಗಳು 480ರವರೆಗೂ ಏರುತ್ತಾರೆ. ಅಲ್ಲಿ ತಿಂಗಳಿಗೆ ಬಿಡುವವರೂ 24, ಸೇರುವವರೂ 24. ನೀರು ಬೀಳುತ್ತಲೂ ಸೋರುತ್ತಲೂ ಇರುವ ತೊಟ್ಟಿಯಲ್ಲಿ ನೀರಿನ ಮಟ್ಟ ಒಂದು ಎತ್ತರಕ್ಕೆ ಬಂದು ನಿಲ್ಲುವಂತೆ, ಗಿರಾಕಿಗಳ ಸಂಖ್ಯೆಯೂ ಅಲ್ಲಿ ನಿಲ್ಲುತ್ತದೆ. ಆದರೆ ಬಡಾವಣೆಯಲ್ಲಿ ಅಷ್ಟು ಹೊಸಬರು ಇದ್ದಾರೆಯೇ ಎಂದು ಈ ಲೆಕ್ಕ ಕೇಳುವುದಿಲ್ಲ.

ಅದನ್ನು ಮನೆಗಳಿಂದ ಕೇಳಬೇಕು. ಅಂಗಡಿಯಿಂದ ಹತ್ತು ಹದಿನೈದು ನಿಮಿಷ ನಡೆದು ಬರುವಷ್ಟು ದೂರದಲ್ಲಿ 2,000 ಮನೆ ಇದೆ ಎಂದುಕೊಳ್ಳಿ. ಪರಿಚಯದ ಹತ್ತಾರು ಮನೆಗಳಲ್ಲಿ ವಿಚಾರಿಸಿದಾಗ ಹತ್ತು ಮನೆಗೆ ಎಂಟು ಹೆಂಗಸರು ಆಗಾಗ ಪಾರ್ಲರಿಗೆ ಹೋಗುತ್ತಾರೆ ಎಂದು ತಿಳಿಯಿತು. ಒಟ್ಟು 1,600 ಮಂದಿ. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷ ಬಂದ ಹೊಸಬರನ್ನೆಲ್ಲ ಕೂಡಿಸಿದರೆ 810. ಅಂದರೆ ಬಡಾವಣೆಯಲ್ಲಿ ಪಾರ್ಲರಿಗೆ ಹೋಗುವ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಒಂದೇ ವರ್ಷದಲ್ಲಿ ಈ ಹೊಸ ಅಂಗಡಿಯ ಬಾಗಿಲು ದಾಟಿರಬೇಕು. ಮೊದಲೇ ಅಲ್ಲಿ ನಾಲ್ಕು ಪಾರ್ಲರ್ ಇರುವಾಗ ಇದು ಬಹಳ ದೊಡ್ಡ ಮಾತು. ಮೊದಲ ವರ್ಷ ಅಷ್ಟಾದರೂ ಎರಡನೆಯ ವರ್ಷ ಇನ್ನೊಂದರ್ಧ ಬರುತ್ತಾರೆ ಎಂದು ನಂಬುವುದಕ್ಕೆ ಆಧಾರವೇ ಇಲ್ಲ. ಹೊಸದಾಗಿ ಬಾಡಿಗೆಗೆ ಬಂದವರು, ಬೆಳೆದ ಹುಡುಗಿಯರು, ಬೇರೆ ಪಾರ್ಲರಿನಲ್ಲಿ ಬೇಸರವಾದವರು ಸೇರಿ ತಿಂಗಳಿಗೆ 30 ಹೊಸಬರು ಬಂದರೆ ಒಳ್ಳೆಯದೇ. ಆಗ ಉಳಿಯುವವರು 12. ಖಾಯಂ ಗಿರಾಕಿಗಳು 240ರಲ್ಲಿ ನಿಲ್ಲುತ್ತಾರೆ. ಅವರಿಂದ 192 ಭೇಟಿ, ಹೊಸಬರಿಂದ 30, ಆದಾಯ ಸುಮಾರು 54,400. ಐದು ಪಾರ್ಲರ್ ಸಮನಾಗಿ ಹಂಚಿಕೊಂಡರೆ ಒಂದಕ್ಕೆ 320 ಹೆಂಗಸರು, ಅದರೊಳಗೇ ಈ 240 ಬರುತ್ತದೆ, ಆದ್ದರಿಂದ ನಂಬಬಹುದಾದ ಸಂಖ್ಯೆ.

ಅಂದರೆ ಈ ಅಂಗಡಿಯ ನಿಜವಾದ ಮಟ್ಟ ತಿಂಗಳಿಗೆ 55,000 ರೂಪಾಯಿಯ ಆಸುಪಾಸು. ಮೊದಲ ವರ್ಷದ ಕೊನೆಗೆ ಅಲ್ಲಿಗೆ ತಲುಪಿ ಆಮೇಲೆ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಎರಡನೆಯ ವರ್ಷ ಏರಿಕೆ ನಿಂತಾಗ ಗಾಬರಿಯಾಗಿ ಮತ್ತೆ ಅರ್ಧ ದರದ ಬ್ಯಾನರ್ ಕಟ್ಟುವುದು ತಪ್ಪುತ್ತದೆ. ಮೊದಲ ಸಲ ಬಂದವರಲ್ಲಿ ಉಳಿಯುವವರು 40ರಿಂದ 50ಕ್ಕೆ ಏರಿದರೆ ಅದೇ 30 ಹೊಸಬರಿಂದಲೇ ಖಾಯಂ ಗಿರಾಕಿಗಳು 300 ಆಗಿ ಆದಾಯ 66,900 ಮುಟ್ಟುತ್ತದೆ. ಹೊಸ ಮನೆಗಳನ್ನು ಯಾರೂ ಹುಟ್ಟಿಸಲಾರರು. ಮೊದಲ ಸಲ ಕೂತವಳ ಹುಬ್ಬು ಎರಡೂ ಒಂದೇ ಎತ್ತರಕ್ಕೆ ಇದೆಯೇ ಎಂದು ನೋಡುವುದು, ದಾರ ಎಳೆದಲ್ಲಿ ಉರಿಯುತ್ತಿದ್ದರೆ ತಣ್ಣನೆಯ ಜೆಲ್ ಹಚ್ಚುವುದು, ಬೇಡ ಅಂದವಳಿಗೆ ಫೇಶಿಯಲ್ ಮಾರಲು ಹೋಗದಿರುವುದು ನಮ್ಮ ಕೈಯಲ್ಲೇ ಇದೆ.

ಈ 55,000 ಪ್ರತಿ ತಿಂಗಳೂ ಬರುವ 55,000 ಅಲ್ಲ. ಪಾರ್ಲರಿನ ಆದಾಯಕ್ಕೆ ಪಂಚಾಂಗದ ಹಂಗಿದೆ. ಆಷಾಢದಲ್ಲಿ ಮದುವೆ ಗೃಹಪ್ರವೇಶ ಇಲ್ಲ, ಮನೆಮಂದಿ ಸೇರುವ ಸಮಾರಂಭಗಳೇ ಕಡಿಮೆ. ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ಮೂರು ದಿನ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರುವುದಿಲ್ಲ. ಗೌರಿ ಗಣೇಶ ಮುಗಿದರೆ ಪಿತೃಪಕ್ಷ, ಮತ್ತೆ ಇಳಿತ. ದಸರಾ ದೀಪಾವಳಿಗೆ ಏರಿ, ಧನುರ್ಮಾಸಕ್ಕೆ ಇಳಿದು, ಮಾಘದಿಂದ ಮತ್ತೆ ಮದುವೆಗಳ ಕಾಲ. ಅಧಿಕ ಮಾಸ ಬಂದ ವರ್ಷ ಇನ್ನೂ ಕಷ್ಟ. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದು, ಜೂನ್ ಉತ್ತರಾರ್ಧದಿಂದ ಆಗಸ್ಟ್ ಮಧ್ಯದವರೆಗೆ ಎರಡು ತಿಂಗಳು ಶುಭಕಾರ್ಯಗಳಿಗೆ ಬಿಡುವಾಯಿತು. ವರಮಹಾಲಕ್ಷ್ಮಿ ಆ ವರ್ಷ ಆಗಸ್ಟ್ 25ಕ್ಕೆ ಬಿತ್ತು. 2025ರಲ್ಲಿ ಅದೇ ಹಬ್ಬ ಆಗಸ್ಟ್ 8ಕ್ಕೇ ಬಂತು. ಹೋದ ವರ್ಷದ ಆಗಸ್ಟಿಗೆ ಈ ವರ್ಷದ ಆಗಸ್ಟನ್ನು ಹೋಲಿಸಿ ವ್ಯಾಪಾರ ಏರಿತೋ ಇಳಿಯಿತೋ ಎಂದು ತೀರ್ಮಾನಿಸುವವರು ಪಂಚಾಂಗ ಪಕ್ಕದಲ್ಲಿಟ್ಟುಕೊಳ್ಳಬೇಕು. ಹಬ್ಬದ ಹಿಂದಿನ ವಾರ ಅಂಗಡಿ ತೆರೆದವರು ಆ ತಿಂಗಳ ಸಂಖ್ಯೆಯ ಮೇಲೆ ಏನನ್ನೂ ಕಟ್ಟಬಾರದು.

ಗಂಡಸರ ಸಲೂನ್ ತೆರೆಯುವವರಿಗೂ ಇದೇ ಮಾತು, ತಿಂಗಳು ಬೇರೆ ಅಷ್ಟೇ. ಮಂಗಳವಾರ ಕಟಿಂಗಿಗೆ ಬಾರದವರು, ಅಮಾವಾಸ್ಯೆಗೆ ಬಾರದವರು ಎಲ್ಲ ಊರಲ್ಲೂ ಇದ್ದಾರೆ. ನವೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲೆ ಹಾಕಿದವರು ಕೂದಲು ಗಡ್ಡ ತೆಗೆಸುವುದಿಲ್ಲ. ತಿಂಗಳಿಗೆ ಎರಡು ಸಲ ಬರುತ್ತಿದ್ದವನು ಆ ದಿನಗಳಲ್ಲಿ ಬಾರದೆ ಹೋದರೆ ಅವನು ಬಿಟ್ಟುಹೋದ ಗಿರಾಕಿಯಲ್ಲ. ನೋಟ್‌ಬುಕ್ಕಿನಲ್ಲಿ ಅದನ್ನೂ ಗುರುತು ಮಾಡಿಕೊಳ್ಳದಿದ್ದರೆ ಮರುಭೇಟಿಯ ಸಂಖ್ಯೆ ಸುಮ್ಮನೆ ಕುಸಿದಂತೆ ಕಾಣುತ್ತದೆ.

ಕೈಗಳ ಲೆಕ್ಕವನ್ನೂ ಒಮ್ಮೆ ನೋಡಬೇಕು. ಮೇಲಿನ 100 ಬಿಲ್ಲುಗಳಿಗೆ ಹತ್ತು ನಿಮಿಷದ ಐಬ್ರೋದಿಂದ ಒಂದೂವರೆ ಗಂಟೆಯ ಬಣ್ಣದವರೆಗೆ ಸೇರಿಸಿ, ಮಧ್ಯೆ ಗುಡಿಸಿ ಒರೆಸುವ ಐದು ನಿಮಿಷ ಕೂಡಿಸಿದರೆ ಒಬ್ಬರಿಗೆ ಸರಾಸರಿ ಅರ್ಧ ಗಂಟೆ. ಎರಡು ಜೊತೆ ಕೈ, ಹತ್ತು ಗಂಟೆ ಅಂದರೆ 40 ಜನ ಎಂದು ಅನ್ನಿಸಬಹುದು. ಆದರೆ ಗೃಹಿಣಿಯರು ಬರುವುದು ಮನೆಕೆಲಸ ಮುಗಿದ ಹನ್ನೊಂದರಿಂದ ಒಂದರವರೆಗೆ, ಕೆಲಸಕ್ಕೆ ಹೋಗುವವರು ಸಂಜೆ ಐದರಿಂದ ಎಂಟರವರೆಗೆ. ಆ ಐದು ಗಂಟೆಯಲ್ಲಿ ಎರಡು ಜೊತೆ ಕೈಗೆ ಸಿಗುವುದು 20 ಜನ. ಅದರಲ್ಲೂ ಸಹಾಯಕಿಗೆ ಐಬ್ರೋ ವ್ಯಾಕ್ಸಿಂಗ್ ಮಾತ್ರ ಬರುತ್ತದೆ, ಫೇಶಿಯಲ್ಲಿಗೆ ಒಡತಿಯೇ ಬೇಕು ಅಂದರೆ ಇನ್ನೂ ಕಡಿಮೆ. ದಿನಕ್ಕೆ ಸರಾಸರಿ ಒಂಬತ್ತು ಜನ ಬರುವ ಅಂಗಡಿಯಲ್ಲೂ ಭಾನುವಾರ 20 ದಾಟಬಹುದು. ಅವತ್ತು ಐಬ್ರೋಗೆ ಬಂದವಳು ಮುಕ್ಕಾಲು ಗಂಟೆ ಕಾಯುವುದಿಲ್ಲ, ಇಣುಕಿ ನೋಡಿ ಹೋಗಿಬಿಡುತ್ತಾಳೆ. ಇಣುಕಿ ಹೋದವರನ್ನೂ ನೋಟ್‌ಬುಕ್ಕಿನ ಕೊನೆಯಲ್ಲಿ ಒಂದು ಗೀಟು ಹಾಕಿ ಎಣಿಸುವ ಒಡತಿಗೆ ಭಾನುವಾರಕ್ಕೆ ಮಾತ್ರ ಇನ್ನೊಬ್ಬಳನ್ನು ಕರೆಸಬೇಕೋ ಬೇಡವೋ ಎಂಬುದು ಎರಡೇ ತಿಂಗಳಲ್ಲಿ ಗೊತ್ತಾಗುತ್ತದೆ.

ಕೊನೆಗೆ ಬ್ಯಾಂಕಿನ ಕಂತು. ಬಾಡಿಗೆ 9,000, ಸಹಾಯಕಿಯ ಸಂಬಳ 12,000, ಕರೆಂಟು ನೀರು ಇತ್ಯಾದಿ 3,000, ಒಟ್ಟು 24,000 ರೂಪಾಯಿ ಗಿರಾಕಿ ಬಂದರೂ ಬಾರದಿದ್ದರೂ ಹೋಗುತ್ತದೆ. ವ್ಯಾಕ್ಸ್, ಕ್ರೀಮು, ಬಣ್ಣ, ದಾರಕ್ಕೆ ಆದಾಯದಲ್ಲಿ 100ಕ್ಕೆ 15. ಈ ಖರ್ಚು ಹುಟ್ಟಬೇಕಾದರೆ ತಿಂಗಳಿಗೆ 28,000ಕ್ಕಿಂತ ಸ್ವಲ್ಪ ಹೆಚ್ಚು ಬರಬೇಕು, ನಮ್ಮ ಉದಾಹರಣೆಯಲ್ಲಿ ಅದು ನಾಲ್ಕನೆಯ ತಿಂಗಳು. ಮೊದಲ ಮೂರು ತಿಂಗಳ ಕೊರತೆ ಸೇರಿ ಸುಮಾರು 15,500 ರೂಪಾಯಿ. ಇದು ಕುರ್ಚಿ ಕನ್ನಡಿಯ ಖರ್ಚಿನ ಮೇಲೆ ಬೇರೆಯಾಗಿ ಕೈಯಲ್ಲಿರಬೇಕಾದ ದುಡ್ಡು. ಆರನೆಯ ತಿಂಗಳು ಎಲ್ಲ ಕಳೆದು 8,200 ಉಳಿಯುತ್ತದೆ. 3 ಲಕ್ಷ ಸಾಲಕ್ಕೆ ವರ್ಷಕ್ಕೆ ಶೇಕಡಾ 11ರ ಬಡ್ಡಿ, ಐದು ವರ್ಷದ ಅವಧಿ ಎಂದರೆ ಕಂತು ಸುಮಾರು 6,500. ಕಟ್ಟಬಹುದು, ಆದರೆ ಇಡೀ ತಿಂಗಳು ನಿಂತು ದುಡಿದ ಒಡತಿಯ ಕೈಗೆ ಬರುವುದು 1,700 ರೂಪಾಯಿ. ಉಳಿಯುವವರು 40ರ ಬದಲು 30 ಆದರೆ ಅದೇ ಆರನೆಯ ತಿಂಗಳ ಆದಾಯ 30,600ಕ್ಕೆ ಇಳಿದು, ಖರ್ಚು ಕಳೆದು 2,000 ಉಳಿಯುತ್ತದೆ. ಅದರಲ್ಲಿ ಕಂತು ಕಟ್ಟಲಾಗದು. 12ನೆಯ ತಿಂಗಳ ಹೊತ್ತಿಗೆ 40ರ ಲೆಕ್ಕದಲ್ಲಿ ಕಂತಿಗೆ ಮೊದಲು 24,000 ಉಳಿಯುತ್ತದೆ, ಆಗ ಅದು ಒಂದು ಸಂಬಳ ಎನ್ನಿಸುತ್ತದೆ.

ಆದ್ದರಿಂದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದೇ ತಿಂಗಳ ಆದಾಯ ಬರೆಯದೆ, 1, 3, 6 ಮತ್ತು 12ನೆಯ ತಿಂಗಳಿನದನ್ನು ಬೇರೆ ಬೇರೆ ಬರೆಯುವುದು ಒಳ್ಳೆಯದು. 40ಕ್ಕೆ ಒಂದು ಸಾಲು, 30ಕ್ಕೆ ಇನ್ನೊಂದು. ಕಂತನ್ನು 30ರ ಸಾಲಿಗೆ ಹೊಂದಿಸಬೇಕು. ಹೊಂದದಿದ್ದರೆ ಸಾಲ ಕಡಿಮೆ ಮಾಡಬೇಕು, ಇಲ್ಲವೇ ಮೊದಲ ಆರು ತಿಂಗಳು ಕಂತಿಗೆ ಬಿಡುವು ಕೇಳಬೇಕು, ಇಲ್ಲವೇ ಬಾಡಿಗೆ 9,000ದ ಅಂಗಡಿ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲೇ ಶುರುಮಾಡಬೇಕು. ಮೂರನೆಯದನ್ನು ಹೆಚ್ಚಿನವರು ಕೀಳೆಂದು ಭಾವಿಸುತ್ತಾರೆ. ಬಾಡಿಗೆ ಇಲ್ಲದಿದ್ದರೆ ತಿಂಗಳಿಗೆ ಬೇಕಾದ ಕನಿಷ್ಠ ಆದಾಯ 28,000ದಿಂದ 18,000ದ ಹತ್ತಿರಕ್ಕೆ ಬರುತ್ತದೆ. ಅಷ್ಟು ಈ ಉದಾಹರಣೆಯ ಅಂಗಡಿಗೆ ಮೊದಲ ತಿಂಗಳೇ ಬಂದಿತ್ತು.